ಅಂಕಿಯಿಟ್ಟು ಬರೆದ ಹಂತಗಳನ್ನು ಕಿವಿಗಾಗಿ ಓದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಣು ಕಾಣದವರಿಗಾಗಿ ಅಡುಗೆಯ ವಿಧಾನ, ಮನೆಮದ್ದು, ಮಿಕ್ಸಿ ಕುಕ್ಕರುಗಳ ಕೈಪಿಡಿ ಮುಂತಾದವನ್ನು ಓದಿ ಧ್ವನಿಮುದ್ರಿಸಿ ಕೊಡುವುದು ನನ್ನ ಬಿಡುವಿನ ಕೆಲಸ. ಹೊಸದಾಗಿ ಓದಲು ಬರುವವರು, ಊರಿನಲ್ಲಿರುವ ತಾಯಿಗೆ ಫೋನಿನಲ್ಲಿ ಓದಿ ಹೇಳುವವರು, ಶಾಲೆಯಲ್ಲಿ ಪ್ರಯೋಗದ ಹಂತಗಳನ್ನು ಓದಿಸುವ ಮೇಷ್ಟ್ರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇನೆ. ಹೆಚ್ಚಿನ ಉತ್ತರಗಳಿಗೆ ಒಂದೇ ಉದಾಹರಣೆಯನ್ನು ಬಳಸಿದ್ದೇನೆ. ಭೇದಿಯಾದಾಗ ಮನೆಯಲ್ಲೇ ಮಾಡಿಕೊಳ್ಳುವ ಸಕ್ಕರೆ ಉಪ್ಪಿನ ನೀರಿನ ಚೀಟಿ ಅದು:

1. 1 ಲೀ. ಕುದಿಸಿ ಆರಿಸಿದ ನೀರು ತೆಗೆದುಕೊಳ್ಳಿ.
2. 6 ಚಮಚ (ತಲೆ ಸವರಿದ್ದು) ಸಕ್ಕರೆ ಹಾಕಿ.
3. ½ ಚಮಚ (ತಲೆ ಸವರಿದ್ದು) ಉಪ್ಪು ಹಾಕಿ, ಕರಗುವವರೆಗೆ ಕಲಕಿ.
4. ರುಚಿ ನೋಡಿ – ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ.
5. 24 ಗಂಟೆಯ ನಂತರ ಉಳಿದದ್ದನ್ನು ಬಳಸಬೇಡಿ.

ಚಮಚ ಎಂದರೆ ಇಲ್ಲಿ ಚಹಾ ಚಮಚ, ಸುಮಾರು 5 ಮಿಲಿಲೀಟರಿನದು.

## ಮೊದಲ ಪ್ರಶ್ನೆಗಳು

ಬರೆದಿರುವುದನ್ನು ಬರೆದ ಹಾಗೆ ಓದಿದರೆ ತಪ್ಪೇನು? ಒಂದು, ಎರಡು, ಮೂರು ಎಂದರೆ ಯಾರಿಗೆ ಅರ್ಥವಾಗುವುದಿಲ್ಲ?

ಮೇಲಿನ ಚೀಟಿಯ ಮೂರನೆಯ ಸಾಲನ್ನು ಬರೆದ ಹಾಗೆಯೇ ಗಟ್ಟಿಯಾಗಿ ಓದಿ ನೋಡಿ: "ಮೂರು ಅರ್ಧ ಚಮಚ ಉಪ್ಪು ಹಾಕಿ." ಕಾಗದದ ಮೇಲೆ ಮೂರರ ಪಕ್ಕದಲ್ಲಿ ಚುಕ್ಕೆಯಿದೆ, ಅದು ಅಂಚಿಗೆ ಸರಿದು ನಿಂತಿದೆ. ಅದು ಸಾಲಿನ ಸಂಖ್ಯೆ ಎಂದು ಕಣ್ಣಿಗೆ ಗೊತ್ತು. ಕಿವಿಗೆ ಚುಕ್ಕೆಯೂ ಇಲ್ಲ, ಅಂಚೂ ಇಲ್ಲ. ಅದಕ್ಕೆ ಕೇಳಿಸುವುದು ಮೂರು ಸಲ ಅರ್ಧ ಚಮಚ, ಅಂದರೆ ಒಂದೂವರೆ ಚಮಚ ಉಪ್ಪು. ಹಾಕಬೇಕಾದ್ದರ ಮೂರು ಪಟ್ಟು. ಭೇದಿಯಿಂದ ಬಳಲಿದ ಮಗುವಿಗೆ ಅಷ್ಟು ಉಪ್ಪಿನ ನೀರು ಕುಡಿಸುವುದು ಅಪಾಯ.

ಎರಡನೆಯ ಸಾಲಿನಲ್ಲಿ ಇದೇ ತೊಂದರೆ ಬೇರೆ ರೂಪದಲ್ಲಿದೆ. "ಎರಡು ಆರು ಚಮಚ" ಎಂದು ಓದಿದರೆ ಕೇಳುವವರು ತಡವರಿಸುತ್ತಾರೆ, ಮತ್ತೆ ಕೇಳುತ್ತಾರೆ. ಅದು ಪರವಾಗಿಲ್ಲ. ತಪ್ಪು ಅರ್ಥ ಸರಿಯಾದ ಅರ್ಥದಷ್ಟೇ ಸಲೀಸಾಗಿ ಕಿವಿಗೆ ಬೀಳುವ ಮೂರನೆಯ ಸಾಲಿನಂಥದ್ದೇ ನಿಜವಾಗಿ ಕೆಟ್ಟದ್ದು, ಏಕೆಂದರೆ ಅಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಹಾಗಾಗಿ ನಾನು ಹೊಸಬರಿಗೆ ಮೊದಲು ಹೇಳಿಕೊಡುವುದು ಒಂದೇ ಮಾತು: ಹಂತದ ಸಂಖ್ಯೆ ಒಂದು ಬಗೆಯಾಗಿ, ಅಳತೆಯ ಸಂಖ್ಯೆ ಇನ್ನೊಂದು ಬಗೆಯಾಗಿ ಕೇಳಿಸಬೇಕು.

ಹಾಗಾದರೆ ಮೊದಲನೆಯದು ಎನ್ನಬೇಕೋ, ಮೊದಲನೆಯದಾಗಿ ಎನ್ನಬೇಕೋ, ಒಂದನೇ ಹಂತ ಎನ್ನಬೇಕೋ?

ಕನ್ನಡದಲ್ಲಿ ಈ ಕೆಲಸವನ್ನು "ಅನೆಯ" ಎಂಬ ಪ್ರತ್ಯಯ ಮಾಡಿಕೊಡುತ್ತದೆ. ಮೂರು ಎಂದರೆ ಎಣಿಕೆ, ಮೂರನೆಯದು ಎಂದರೆ ಸ್ಥಾನ. ಆ ಬಾಲ ಅಂಟಿದ ಕೂಡಲೇ ಅದು ಚಮಚದ ಲೆಕ್ಕವಾಗಿ ಕೇಳಿಸಲು ಸಾಧ್ಯವೇ ಇಲ್ಲ. "ಮೂರನೆಯದು, ಅರ್ಧ ಚಮಚ ಉಪ್ಪು ಹಾಕಿ" ಎಂದು ಓದಿದರೆ ಯಾರೂ ಮೂರು ಸಲ ಹಾಕುವುದಿಲ್ಲ.

ನಾನು ಬಳಸುವುದು ಮೊದಲನೆಯದು, ಎರಡನೆಯದು, ಮೂರನೆಯದು. "ಮೊದಲನೆಯದಾಗಿ" ತಪ್ಪಲ್ಲ, ಆದರೆ ಅದರಲ್ಲಿ ವಾದ ಮಂಡಿಸುವವರ ದನಿಯಿದೆ. ಭಾಷಣಕಾರರು ಕಾರಣಗಳನ್ನು ಪಟ್ಟಿ ಮಾಡುವಾಗ ಹಾಗೆನ್ನುತ್ತಾರೆ. ಒಲೆಯ ಮುಂದೆ ನಿಂತವರಿಗೆ ಅದು ಉದ್ದವಾಯಿತು. "ಮೊದಲನೆಯ ಹಂತ" ಎನ್ನುವುದು ಯಂತ್ರದ ಕೈಪಿಡಿಗೆ ಹೊಂದುತ್ತದೆ, ಏಕೆಂದರೆ ಅಲ್ಲಿ ಬಳಸುವವರು ಮತ್ತೆ ಮತ್ತೆ "ಯಾವ ಹಂತದಲ್ಲಿದ್ದೇನೆ" ಎಂದು ನೋಡಿಕೊಳ್ಳುತ್ತಾರೆ.

ಒಂದಕ್ಕೆ ಮಾತ್ರ ಎರಡು ರೂಪಗಳಿವೆ. "ಒಂದನೇ ತರಗತಿ" ಎಂದು ಎಲ್ಲರೂ ಹೇಳುತ್ತಾರೆ, ಆದರೆ ಹಂತ ಹೇಳುವಾಗ "ಒಂದನೆಯದು" ಎಂದರೆ ಕಿವಿಗೆ ಒರಟು. ಅಲ್ಲಿ ಮೊದಲನೆಯದೇ ಸರಿ. ಹತ್ತು ದಾಟಿದ ಮೇಲೆ ಹನ್ನೊಂದನೆಯದು, ಇಪ್ಪತ್ತೊಂದನೆಯದು. ಅಲ್ಲಿ "ಮೊದಲ" ಮತ್ತೆ ತಲೆಹಾಕುವುದಿಲ್ಲ. "ಮೂರನೇ" ಮತ್ತು "ಮೂರನೆಯ" ಎರಡೂ ಚಾಲ್ತಿಯಲ್ಲಿವೆ. ಒಂದನ್ನು ಹಿಡಿದರೆ ಕೊನೆಯವರೆಗೂ ಅದನ್ನೇ ಬಿಡದೆ ಬಳಸಿ.

ಸಂಖ್ಯೆಯೇ ಬೇಡ, ಮೊದಲು, ಆಮೇಲೆ, ಕೊನೆಗೆ ಎಂದರೆ ಸಾಲದೇ?

ನಾಲ್ಕು ಹಂತದವರೆಗೆ ಸಾಕು. ಅಷ್ಟೇ ಅಲ್ಲ, ಕೇಳಲು ಅದೇ ಹೆಚ್ಚು ಹಿತ. ಮನೆಯಲ್ಲಿ ಯಾರಿಗಾದರೂ ಕಾಫಿ ಮಾಡುವುದನ್ನು ಹೇಳಿಕೊಡುವಾಗ ನಾವು ಎರಡನೆಯದು, ಮೂರನೆಯದು ಎನ್ನುತ್ತೇವೆಯೇ? "ಮೊದಲು ಡಿಕಾಕ್ಷನ್ ಇಳಿಸಿಕೊಳ್ಳಿ, ಅದು ಇಳಿಯುವಷ್ಟರಲ್ಲಿ ಹಾಲು ಕಾಯಿಸಿ" ಎನ್ನುತ್ತೇವೆ. "ಅದು ಇಳಿಯುವಷ್ಟರಲ್ಲಿ" ಎಂಬ ಮಾತು ಎರಡೂ ಕೆಲಸ ಒಟ್ಟಿಗೆ ನಡೆಯಬೇಕು ಎಂಬುದನ್ನೂ ಹೇಳಿತು. ಬರಿಯ ಸಂಖ್ಯೆಗೆ ಆ ಶಕ್ತಿಯಿಲ್ಲ.

ನಾಲ್ಕು ದಾಟಿದರೆ "ಆಮೇಲೆ, ಆಮೇಲೆ" ಎಂಬುದು ಕಥೆ ಹೇಳುವ ಮಗುವಿನ ಮಾತಾಗುತ್ತದೆ. ಕೇಳುವವರಿಗೂ ಎಲ್ಲಿದ್ದೇವೆ ಎಂಬ ಗುರುತು ತಪ್ಪುತ್ತದೆ. ಅಲ್ಲಿ ಸಂಖ್ಯೆ ಬೇಕು. ಎರಡನ್ನೂ ಬೆರೆಸಿ "ಮೂರನೆಯದಾಗಿ ಆಮೇಲೆ" ಎನ್ನುವವರಿದ್ದಾರೆ. ಹಾಗೆ ಮಾಡಬೇಡಿ.

ಶುರುವಿನಲ್ಲೇ ಒಟ್ಟು ಎಷ್ಟು ಹಂತ ಎಂದು ಹೇಳಬೇಕೇ?

ಹೇಳಬೇಕು. ಪುಟವನ್ನು ನೋಡಿದವರಿಗೆ ಪಟ್ಟಿ ಎಷ್ಟು ಉದ್ದವಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ, ಕೇಳುವವರಿಗೆ ತಿಳಿಯುವುದಿಲ್ಲ. "ಇದರಲ್ಲಿ ಐದು ಹಂತಗಳಿವೆ. ಒಂದು ಲೀಟರ್ ನೀರು, ಸಕ್ಕರೆ, ಉಪ್ಪು, ಒಂದು ಚಹಾ ಚಮಚ ಹತ್ತಿರ ಇಟ್ಟುಕೊಳ್ಳಿ" ಎಂದು ಆರಂಭಿಸಿ. ಕೊನೆಯ ಹಂತಕ್ಕೆ ಬಂದಾಗ "ಐದನೆಯದು, ಇದೇ ಕೊನೆಯದು" ಎಂದರೆ ಮುಂದೆ ಇನ್ನೇನಾದರೂ ಇದೆಯೇ ಎಂದು ಯಾರೂ ಕಾಯುವುದಿಲ್ಲ.

## ನಿಲ್ಲುವುದು

ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು? ಅಲ್ಪವಿರಾಮಕ್ಕೆ ಇಷ್ಟು, ಪೂರ್ಣವಿರಾಮಕ್ಕೆ ಇಷ್ಟು ಎಂಬ ಲೆಕ್ಕ ಇದೆಯೇ?

ಚಿಹ್ನೆಗೆ ನಿಲ್ಲಬೇಡಿ, ಕೆಲಸಕ್ಕೆ ನಿಲ್ಲಿ. ಬರೆದವರು ಎಲ್ಲಿ ಯಾವ ಚಿಹ್ನೆ ಹಾಕಿದ್ದಾರೆ ಎಂಬುದು ಅವರವರ ರೂಢಿ. ಚೀಟಿಯ ಮೂರನೆಯ ಸಾಲಿನಲ್ಲಿ ಉಪ್ಪು ಹಾಕುವುದು, ಕಲಕುವುದು ಎರಡು ಕೆಲಸಗಳು, ನಡುವೆ ಅಲ್ಪವಿರಾಮ. ನಾಲ್ಕನೆಯದರಲ್ಲಿ ರುಚಿ ನೋಡುವುದು, ಚೆಲ್ಲುವುದು, ನಡುವೆ ಅಡ್ಡಗೆರೆ. ಐದನೆಯದರಲ್ಲಿ ಒಂದೇ ಮಾತು. ಓದುವವರಿಗೆ ಈ ಚಿಹ್ನೆಗಳ ವ್ಯತ್ಯಾಸ ಮುಖ್ಯವಲ್ಲ.

ನಾನು ಗಡಿಯಾರ ನೋಡುವುದಿಲ್ಲ, ಮನಸ್ಸಿನಲ್ಲಿ ಎಣಿಸುತ್ತೇನೆ. ಎರಡು ಅಳತೆಗಳು ಸಾಕು. "ಮೂರನೆಯದು" ಎಂದ ಮೇಲೆ ಮನಸ್ಸಿನಲ್ಲಿ "ಒಂದು" ಎನ್ನುವಷ್ಟು ಹೊತ್ತು. ಹಂತದೊಳಗೆ ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವಲ್ಲಿಯೂ ಅಷ್ಟೇ. ಒಂದು ಹಂತ ಮುಗಿದು ಮುಂದಿನದಕ್ಕೆ ಹೋಗುವಾಗ "ಒಂದು, ಎರಡು, ಮೂರು" ಎನ್ನುವಷ್ಟು, ಉಸಿರು ತೆಗೆದುಕೊಳ್ಳುವುದೂ ಅಲ್ಲೇ. ಅಳತೆ ಮತ್ತು ಪದಾರ್ಥದ ನಡುವೆ ಮಾತ್ರ ಎಂದೂ ನಿಲ್ಲಬಾರದು. "ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು" ಎಂಬುದನ್ನು ಒಬ್ಬರು ಉಸಿರು ಸಾಲದೆ "ಆರು ಚಮಚ ಸಕ್ಕರೆ ಅರ್ಧ" ಎಂದು ನಿಂತು, ಆಮೇಲೆ "ಚಮಚ ಉಪ್ಪು" ಎಂದು ಮುಂದುವರಿಸಿದ್ದನ್ನು ಕೇಳಿದ್ದೇನೆ. ಉಪ್ಪು ಒಂದು ಚಮಚವಾಯಿತು.

ನಿಲ್ಲುತ್ತೇನೆ, ಆದರೂ ಮುಗಿಯಿತೋ ಇಲ್ಲವೋ ತಿಳಿಯುವುದಿಲ್ಲ ಎನ್ನುತ್ತಾರೆ. ಏಕೆ?

ಇದು ಕನ್ನಡದ್ದೇ ಆದ ತೊಡಕು. ಸ್ವಲ್ಪ ಉದ್ದದ ಉತ್ತರ ಬೇಕು.

"ಹಾಕಿ" ಎಂಬ ಪದಕ್ಕೆ ಎರಡು ಮುಖಗಳಿವೆ. "ಉಪ್ಪು ಹಾಕಿ." ಎಂದರೆ ನೀವು ಹಾಕಬೇಕು ಎಂಬ ಸೂಚನೆ. "ಉಪ್ಪು ಹಾಕಿ ಕಲಕಿ" ಎಂದಾಗ ಅದೇ ಪದ "ಹಾಕಿದ ಮೇಲೆ" ಎಂಬ ಅರ್ಥ ಕೊಡುವ ಅಪೂರ್ಣ ಕ್ರಿಯೆ. ಕಲಕಿ, ಕುದಿಸಿ, ಆರಿಸಿ, ಸೇರಿಸಿ, ಮುಚ್ಚಿ, ಒತ್ತಿ, ಮಾಡಿ, ನೋಡಿ – ಎಲ್ಲದರ ಹಣೆಬರಹವೂ ಇದೇ. ಕಾಗದದ ಮೇಲೆ ಪೂರ್ಣವಿರಾಮ ಜಗಳ ಬಿಡಿಸುತ್ತದೆ. ದನಿಯಲ್ಲಿ ಆ ಚುಕ್ಕೆ ಇಲ್ಲ. ಇಡೀ ಚೀಟಿಯನ್ನು "ನೀರು ಕುದಿಸಿ ಆರಿಸಿ ಸಕ್ಕರೆ ಹಾಕಿ ಉಪ್ಪು ಹಾಕಿ ಕಲಕಿ ರುಚಿ ನೋಡಿ" ಎಂದು ಒಂದೇ ಉಸಿರಿನಲ್ಲಿ ಓದಬಹುದು, ವ್ಯಾಕರಣ ಎಲ್ಲೂ ತಡೆಯುವುದಿಲ್ಲ. ಕೇಳುವವರು ಮಾತ್ರ ಪ್ರತಿ "ಹಾಕಿ"ಗೂ ಇನ್ನೂ ಏನೋ ಬರಲಿದೆ ಎಂದು ಕೈಕಟ್ಟಿ ಕಾಯುತ್ತಾರೆ.

ಇದನ್ನು ಬಿಡಿಸುವುದು ದನಿಯ ಇಳಿತ. ಮುಂದೆ ಮಾತಿದೆ ಎಂದಾದರೆ "ಹಾಕಿ"ಯ ಕೊನೆಯ ಸ್ವರ ಮಟ್ಟಸವಾಗಿಯೋ ತುಸು ಮೇಲೆಯೋ ನಿಲ್ಲುತ್ತದೆ. ಮುಗಿಯಿತು ಎಂದಾದರೆ ಕೆಳಗಿಳಿಯುತ್ತದೆ. ನಾವೆಲ್ಲರೂ ಮಾತಾಡುವಾಗ ಹೀಗೇ ಮಾಡುತ್ತೇವೆ, ಹಾಳೆ ಕೈಗೆ ಬಂದ ಕೂಡಲೇ ಮರೆಯುತ್ತೇವೆ. ಹಾಳೆ ಓದುವವರ ದನಿ ಪ್ರತಿ ಸಾಲಿನ ಕೊನೆಯಲ್ಲೂ ಮೇಲೇ ನೇತಾಡುತ್ತಿರುತ್ತದೆ, ಏಕೆಂದರೆ ಅವರ ಕಣ್ಣು ಆಗಲೇ ಮುಂದಿನ ಸಾಲಿಗೆ ಹೋಗಿರುತ್ತದೆ. ಹಂತದ ಕೊನೆಯ ಪದ ಹೇಳುವಾಗ ಕಣ್ಣನ್ನು ಹಾಳೆಯಿಂದ ಮೇಲೆತ್ತಿ. ದನಿ ತಾನಾಗಿ ಇಳಿಯುತ್ತದೆ.

ದನಿಯ ಮೇಲೆ ನಂಬಿಕೆ ಸಾಲದಿದ್ದರೆ ಕ್ರಿಯಾಪದವನ್ನೇ ಬದಲಿಸಬಹುದು. ಕೆಲವು ಧಾತುಗಳಲ್ಲಿ ಎರಡು ರೂಪಗಳೂ ಬೇರೆಯಾಗಿಯೇ ಇವೆ: ಇಡಿ ಬೇರೆ ಇಟ್ಟು ಬೇರೆ, ಬಿಡಿ ಬೇರೆ ಬಿಟ್ಟು ಬೇರೆ, ಸುರಿಯಿರಿ ಬೇರೆ ಸುರಿದು ಬೇರೆ. "ಕೊಳ್ಳಿ" ಸೇರಿಸಿದರೆ ಉಳಿದ ಹೆಚ್ಚಿನ ಕ್ರಿಯಾಪದಗಳಿಗೂ ಈ ಬೇರ್ಪಡೆ ಸಿಗುತ್ತದೆ. "ಹಾಕಿಕೊಳ್ಳಿ" ಎಂದರೆ ಮುಗಿದ ಮಾತು, "ಹಾಕಿಕೊಂಡು" ಎಂದರೆ ಮುಂದೆ ಇನ್ನೂ ಇದೆ. ನಮ್ಮ ಮನೆಗಳಲ್ಲಿ ಅಡುಗೆ ಹೇಳಿಕೊಡುವವರು ಮಾತಿಗೊಮ್ಮೆ "ಹುರಿದುಕೊಳ್ಳಿ, ರುಬ್ಬಿಕೊಳ್ಳಿ" ಎನ್ನುವುದನ್ನು ಕೆಲವರು ಬರಿಯ ಚಟ ಎಂದುಕೊಳ್ಳುತ್ತಾರೆ. ನನಗೆ ಅದು ಕಿವಿಗೆ ಸಿಗುವ ಪೂರ್ಣವಿರಾಮವಾಗಿ ಕಾಣುತ್ತದೆ. "ಹಾಕಿರಿ, ಕಲಕಿರಿ" ಎಂಬ ರೂಪವೂ ಈ ಕೆಲಸ ಮಾಡುತ್ತದೆ. ಉತ್ತರ ಕರ್ನಾಟಕದ ಕೇಳುಗರಿಗೆ ಅದು ಸಹಜವೇ, ಮೈಸೂರು ಕಡೆಯವರಿಗೆ ತುಸು ಪುಸ್ತಕದ ವಾಸನೆ ಬರಬಹುದು.

ಕೇಳುತ್ತಾ ಕೇಳುತ್ತಾ ಕೆಲಸ ಮಾಡುವವರಿಗಾಗಿ ಓದುವಾಗ, ಅವರು ಮುಗಿಸುವವರೆಗೆ ಸುಮ್ಮನಿರಬೇಕೇ?

ಧ್ವನಿಮುದ್ರಣದಲ್ಲಿ ಬೇಡ. ಹತ್ತು ನಿಮಿಷ ಕುದಿಯಬೇಕು ಎಂದು ಹತ್ತು ನಿಮಿಷದ ಮೌನ ಇಟ್ಟರೆ, ಕೇಳುವವರು ಫೋನು ಕೆಟ್ಟಿತು ಎಂದುಕೊಳ್ಳುತ್ತಾರೆ. ಕಾಯುವ ಕೆಲಸ ಬಂದಲ್ಲಿ "ಇಲ್ಲಿ ನಿಲ್ಲಿಸಿಕೊಳ್ಳಿ, ನೀರು ಆರಿದ ಮೇಲೆ ಮುಂದುವರಿಸಿ" ಎಂದು ಹೇಳಿ. ಮುಂದಿನ ಹಂತದ ಆರಂಭದಲ್ಲಿ "ಈಗ ನೀರು ಆರಿದೆ. ಎರಡನೆಯದು," ಎಂದು ಅರ್ಧ ಸಾಲು ಸೇರಿಸಿ. ಬಿಟ್ಟಲ್ಲಿಂದ ಹಿಡಿಯಲು ಅದು ಸಾಕು.

## ಅಳತೆಗಳು, ಚಿಹ್ನೆಗಳು

½, 1½, 2-3, 5-6 ಇವನ್ನೆಲ್ಲ ಹೇಗೆ ಓದಬೇಕು?

ಭಿನ್ನರಾಶಿಗಳಿಗೆ ಕನ್ನಡದಲ್ಲಿ ಒಳ್ಳೆಯ ಪದಗಳಿವೆ: ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂಮುಕ್ಕಾಲು. 1.5 ಎಂದು ಬರೆದಿದ್ದರೂ ಅಡುಗೆಗೆ ಒಂದೂವರೆ ಎಂದೇ ಓದಿ. "ಒಂದು ಪಾಯಿಂಟ್ ಐದು" ಎಂಬುದು ಪ್ರಯೋಗಾಲಯಕ್ಕೂ ಔಷಧಕ್ಕೂ ಇರಲಿ. ಕಾಲು ಎಂಬಲ್ಲಿ ಮಾತ್ರ ಎಚ್ಚರ. "ಕಾಲು ಚಮಚ ಕಾಳುಮೆಣಸು" ಎಂಬುದನ್ನು ಅವಸರದಲ್ಲಿ ಓದಿದರೆ ಲಕಾರ ಳಕಾರ ಕಲಸಿಹೋಗುತ್ತವೆ. ಅಂಥ ಕಡೆ "ಕಾಳುಮೆಣಸು, ಕಾಲು ಚಮಚ" ಎಂದು ತಿರುಗಿಸಿ ಓದುತ್ತೇನೆ.

ನಡುವಿನ ಅಡ್ಡಗೆರೆಗೆ ಎರಡು ಓದುಗಳಿವೆ. 5-6 ಕರಿಬೇವಿನ ಎಲೆ ಎಂದಿದ್ದರೆ "ಐದಾರು ಎಲೆ". ಏಳೆಂಟು, ಎರಡು ಮೂರು, ಹತ್ತು ಹದಿನೈದು ಎಲ್ಲವೂ ಇದೇ ಜಾತಿ. ಇವುಗಳ ಒಳಗೆ "ಹೆಚ್ಚು ಕಡಿಮೆ ಆದರೂ ನಡೆಯುತ್ತದೆ" ಎಂಬ ಅರ್ಥವೂ ಇದೆ. ಹಾಗಾಗಿ ಔಷಧದ ಅಳತೆಗೆ ಈ ಜೋಡಿಪದಗಳು ಬೇಡ. ಅಲ್ಲಿ "ಐದರಿಂದ ಆರು ಹನಿ, ಅದಕ್ಕಿಂತ ಹೆಚ್ಚಲ್ಲ" ಎಂದು ಬಿಡಿಸಿ ಹೇಳಬೇಕು. ಮಿ.ಲೀ., ಗ್ರಾಂ., °ಸೆ. ಮುಂತಾದ ತುಂಡುಪದಗಳನ್ನು ಪೂರ್ತಿ ಹೇಳಿ ಎಂದು ಬೇರೆ ಹೇಳಬೇಕಿಲ್ಲವಷ್ಟೆ.

ಆವರಣದಲ್ಲಿ ಬರೆದದ್ದನ್ನು ಏನು ಮಾಡುವುದು? "ಆವರಣದಲ್ಲಿ" ಎಂದು ಹೇಳಿಯೇ ಓದಬೇಕೇ?

ಬೇಡ. ಆವರಣದೊಳಗಿನ ಮಾತಿಗೆ ವಾಕ್ಯದಲ್ಲಿ ಒಂದು ಸಹಜ ಜಾಗ ಹುಡುಕಿಕೊಡಿ. "ಆರು ಚಮಚ, ತಲೆ ಸವರಿದ್ದು, ಸಕ್ಕರೆ ಹಾಕಿ" ಎಂದು ಬರೆದ ಕ್ರಮದಲ್ಲಿ ಓದಿದರೆ ಅಳತೆಗೂ ಸಕ್ಕರೆಗೂ ನಡುವೆ ಗೋಡೆ ಎದ್ದಿತು. "ಎರಡನೆಯದು. ತಲೆ ಸವರಿದ ಆರು ಚಮಚ ಸಕ್ಕರೆ ಹಾಕಿಕೊಳ್ಳಿ" ಎಂದರೆ ಗುಣ ಮೊದಲು, ಅಳತೆ ಆಮೇಲೆ, ಪದಾರ್ಥ ಕೊನೆಗೆ. ತಲೆ ಸವರುವುದು ಎಂದರೆ ಚಮಚದ ಮೇಲೆ ಗೋಪುರವಾಗಿ ನಿಂತದ್ದನ್ನು ಬೆರಳಿನಿಂದ ಸವರಿ ಬೀಳಿಸುವುದು. ಇಲ್ಲಿ ಈ ಮಾತನ್ನು ನುಂಗುವಂತಿಲ್ಲ, ಗೋಪುರದ ಚಮಚಕ್ಕೂ ಸವರಿದ ಚಮಚಕ್ಕೂ ಬಹಳ ವ್ಯತ್ಯಾಸವಿದೆ.

"ಬೇಕಿದ್ದರೆ" ಎಂದು ಆವರಣದಲ್ಲಿದ್ದರೆ ಅದನ್ನು ಎಳೆದು ತಂದು ವಾಕ್ಯದ ಬಾಗಿಲಲ್ಲೇ ನಿಲ್ಲಿಸಿ: "ಬೇಕಿದ್ದರೆ ನಿಂಬೆರಸ ಹಿಂಡಿ". ಕೊನೆಗೆ ಹೇಳಿದರೆ ಅಷ್ಟರಲ್ಲಿ ಹಿಂಡಿ ಆಗಿರುತ್ತದೆ.

3 (ಅ), 3 (ಆ) ಎಂದು ಒಳಹಂತಗಳಿದ್ದರೆ?

"ಮೂರು ಆವರಣದಲ್ಲಿ ಅ" ಎಂದು ಓದಿದವರಿದ್ದಾರೆ. ಕೇಳಿ ನಕ್ಕಿದ್ದೇನೆ, ಕ್ಷಮಿಸಲಿ. "ಮೂರನೆಯದರಲ್ಲಿ ಎರಡು ಕೆಲಸಗಳಿವೆ. ಒಂದು, ... ಇನ್ನೊಂದು, ..." ಎಂದು ಓದಿ. ಮೂರಿದ್ದರೆ "ಒಂದು, ಇನ್ನೊಂದು, ಮತ್ತೊಂದು". ನಾಲ್ಕಕ್ಕಿಂತ ಹೆಚ್ಚಿದ್ದರೆ ಬರೆದವರು ಅದನ್ನು ಬೇರೆ ಹಂತಗಳಾಗಿಯೇ ಒಡೆಯಬೇಕಿತ್ತು. ಓದುವ ಮೊದಲು ನೀವೇ ಒಡೆದುಕೊಳ್ಳಿ.

## ಕಷ್ಟದ ಜಾಗಗಳು

ಕೆಲವು ಸಂಖ್ಯೆಗಳನ್ನು ಎಷ್ಟು ಸ್ಪಷ್ಟವಾಗಿ ಹೇಳಿದರೂ ತಪ್ಪಾಗಿ ಕೇಳಿಸಿಕೊಳ್ಳುತ್ತಾರೆ. ನನ್ನ ಉಚ್ಚಾರದ ದೋಷವೇ?

ಎಲ್ಲವೂ ನಿಮ್ಮ ದೋಷವಲ್ಲ. ಇಪ್ಪತ್ತು, ಎಪ್ಪತ್ತು ಎರಡಕ್ಕೂ ವ್ಯತ್ಯಾಸ ಮೊದಲ ಸ್ವರ ಒಂದೇ. ಒಂಬತ್ತು, ಎಂಬತ್ತು, ತೊಂಬತ್ತು ಮೂರಕ್ಕೂ ಬಾಲ ಒಂದೇ. ಫ್ಯಾನಿನ ಸದ್ದಿನಲ್ಲಿ, ಫೋನಿನ ಕಿರಿದನಿಯಲ್ಲಿ ಆ ಮೊದಲ ಸದ್ದು ನುಂಗಿಹೋದರೆ ಮುಗಿಯಿತು. ತಪ್ಪಿದರೆ ಕೆಡುವ ಕಡೆಗಳಲ್ಲಿ ಸಂಖ್ಯೆಯನ್ನು ಹೇಳಿ, ಮತ್ತೆ ಬಿಡಿಬಿಡಿಯಾಗಿ ಹೇಳಿ: "ಎಪ್ಪತ್ತು ಗ್ರಾಂ, ಏಳು ಸೊನ್ನೆ." ಎಲ್ಲ ಸಂಖ್ಯೆಗೂ ಹೀಗೆ ಮಾಡಿದರೆ ರೈಲು ನಿಲ್ದಾಣದ ಪ್ರಕಟಣೆಯಾಗುತ್ತದೆ, ಅದಕ್ಕೇ "ತಪ್ಪಿದರೆ ಕೆಡುವ ಕಡೆ" ಎಂದೆ.

ಇನ್ನೊಂದು ಜಾತಿ, ಸಂಖ್ಯೆಯೂ ಆಗಿ ಕ್ರಿಯಾಪದವೂ ಆಗಿರುವ ಪದಗಳು. ಆರು ಎಂದರೆ ಆರು, ತಣ್ಣಗಾಗು ಎಂದೂ ಆಗುತ್ತದೆ. ಏಳು ಎಂದರೆ ಏಳು, ಮೇಲೇಳು ಎಂದೂ ಆಗುತ್ತದೆ. ಹತ್ತು ಎಂದರೆ ಹತ್ತು, ಮೇಲೆ ಹತ್ತು ಎಂದೂ ಆಗುತ್ತದೆ. "6. ಆರಲು ಬಿಡಿ" ಎಂಬುದನ್ನು "ಆರು ಆರಲು ಬಿಡಿ" ಎಂದು ಓದಿದರೆ ನಾಲಿಗೆ ತೊಡರುವ ಆಟವಾಗುತ್ತದೆ. ವ್ಯಾಯಾಮದ ಹಂತಗಳನ್ನು ಓದುವಾಗ ಈ ತೊಂದರೆ ಹೆಚ್ಚು. ಏಳನೆಯ ಹಂತಕ್ಕೆ ಬಂದು "ಏಳು" ಎಂದರೆ, ಮಕ್ಕಳ ಅರ್ಧ ಸಾಲು ಎದ್ದು ನಿಂತಿರುತ್ತದೆ. ಏಳನೆಯದು ಎಂದರೆ ಯಾರೂ ಏಳುವುದಿಲ್ಲ.

"ಮಾಡಬೇಡಿ" ಎಂದು ಕೊನೆಯಾಗುವ ಎಚ್ಚರಿಕೆಗಳನ್ನು ಓದುವುದು ಹೇಗೆ?

ಕನ್ನಡದಲ್ಲಿ ನಿಷೇಧ ವಾಕ್ಯದ ಬಾಲದಲ್ಲಿ ಬರುತ್ತದೆ. "ಹಬೆ ಪೂರ್ತಿ ಇಳಿಯುವ ಮೊದಲು ಕುಕ್ಕರಿನ ಮುಚ್ಚಳ ತೆಗೆಯಬೇಡಿ" ಎಂಬ ವಾಕ್ಯದಲ್ಲಿ "ಮುಚ್ಚಳ ತೆಗೆಯ" ಎಂಬವರೆಗೂ ಕೇಳುವವರಿಗೆ ಇದು ಅಪ್ಪಣೆಯೋ ತಡೆಯೋ ಗೊತ್ತಿಲ್ಲ. ಕೈ ಆಗಲೇ ಹಿಡಿಯ ಮೇಲಿರುತ್ತದೆ. ಓದುವ ಮುನ್ನ ಇದನ್ನು ಮಾಡಬೇಕಾದ ಕೆಲಸವಾಗಿ ತಿರುಗಿಸಿ: "ಹಬೆ ಪೂರ್ತಿ ಇಳಿಯುವವರೆಗೆ ಕಾಯಿರಿ. ಆಮೇಲೆ ಮುಚ್ಚಳ ತೆಗೆಯಿರಿ." ಹಾಗೆ ತಿರುಗಿಸಲು ಆಗದಿದ್ದರೆ ಮೊದಲೇ "ಎಚ್ಚರ" ಎಂದು ಹೇಳಿ ನಿಂತು ಮುಂದುವರಿಸಿ.

ನಮ್ಮ ಚೀಟಿಯ ಐದನೆಯ ಸಾಲಿಗೂ ಇದೇ ಮದ್ದು. "ಇಪ್ಪತ್ನಾಲ್ಕು ಗಂಟೆಯ ನಂತರ ಉಳಿದದ್ದನ್ನು ಬಳಸಬೇಡಿ" ಎಂಬುದಕ್ಕೆ ಬದಲು "ಒಂದು ದಿನ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ. ಬೇಕಾದರೆ ಹೊಸದಾಗಿ ಮಾಡಿಕೊಳ್ಳಿ."

"2ನೇ ಹಂತಕ್ಕೆ ಹಿಂತಿರುಗಿ" ಎಂದು ಬರೆದಿದ್ದರೆ?

ಕೇಳುವವರ ಬಳಿ ಸಂಖ್ಯೆಗಳ ಪಟ್ಟಿ ಇರುವುದಿಲ್ಲ, ಮಾಡಿದ ಕೆಲಸದ ನೆನಪಿರುತ್ತದೆ. "ಸಕ್ಕರೆ ಹಾಕಿದ ಹಂತದಿಂದ ಮತ್ತೆ ಮಾಡಿ" ಎಂದು ಕೆಲಸದ ಹೆಸರಿನಿಂದ ಕರೆಯಿರಿ. ಬೇಕಿದ್ದರೆ "ಅಂದರೆ ಎರಡನೆಯದು" ಎಂದು ಜೊತೆಗೆ ಸೇರಿಸಿ.

ಇಡೀ ಚೀಟಿಯನ್ನು ಒಮ್ಮೆ ಓದಿ ತೋರಿಸುತ್ತೀರಾ?

ನಾನು ಓದುವುದು ಹೀಗೆ. ಒಂದು ನಿಂತ ಗೀಟು ಇರುವಲ್ಲಿ ಚಿಕ್ಕ ನಿಲುಗಡೆ, ಎರಡು ಇರುವಲ್ಲಿ ದನಿ ಇಳಿಸಿ ಉಸಿರು.

> ಸಕ್ಕರೆ ಉಪ್ಪಿನ ನೀರು ಮಾಡುವುದು. ಐದು ಹಂತಗಳಿವೆ. ಚಮಚ ಎಂದರೆ ಚಹಾ ಚಮಚ. ||
> ಮೊದಲನೆಯದು | ಕುದಿಸಿ ಆರಿಸಿದ ನೀರನ್ನು ಒಂದು ಲೀಟರ್ ತೆಗೆದುಕೊಳ್ಳಿ ||
> ಎರಡನೆಯದು | ತಲೆ ಸವರಿದ ಆರು ಚಮಚ ಸಕ್ಕರೆ ಹಾಕಿಕೊಳ್ಳಿ ||
> ಮೂರನೆಯದು | ಉಪ್ಪು ತಲೆ ಸವರಿದ ಅರ್ಧ ಚಮಚ | ಅರ್ಧ ಮಾತ್ರ | ಹಾಕಿ ಪೂರ್ತಿ ಕರಗುವವರೆಗೆ ಕಲಕಿಕೊಳ್ಳಿ ||
> ನಾಲ್ಕನೆಯದು | ರುಚಿ ನೋಡಿಕೊಳ್ಳಿ | ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿದ್ದರೆ ಅದನ್ನು ಚೆಲ್ಲಿ ಹೊಸದಾಗಿ ಮಾಡಿಕೊಳ್ಳಿ ||
> ಐದನೆಯದು | ಇದೇ ಕೊನೆಯದು | ಒಂದು ದಿನ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ ||

ಮೂರನೆಯದರಲ್ಲಿ ಉಪ್ಪನ್ನು ಮುಂದೆ ತಂದು, ಅರ್ಧ ಎಂಬುದನ್ನು ಎರಡು ಸಲ ಹೇಳಿದ್ದೇನೆ. "ಅರ್ಧ ಮಾತ್ರ" ಎಂಬುದು ಮೂಲದಲ್ಲಿ ಇಲ್ಲ. ತಪ್ಪಿದರೆ ಹೆಚ್ಚು ಕೆಡುವ ಅಳತೆ ಇದೊಂದೇ, ಆದ್ದರಿಂದ ಇದೊಂದಕ್ಕೆ ಮಾತ್ರ ಈ ಉಪಚಾರ.

ಬರೆದದ್ದನ್ನು ಇಷ್ಟೆಲ್ಲ ಬದಲಿಸುವ ಹಕ್ಕು ಓದುವವರಿಗಿದೆಯೇ?

ಕ್ರಮ, ಅಳತೆ, ಎಚ್ಚರಿಕೆಯ ಅರ್ಥ ಈ ಮೂರನ್ನು ಬದಲಿಸುವಂತಿಲ್ಲ. ಪದಗಳ ಜೋಡಣೆಯನ್ನು ಬದಲಿಸಬಹುದು. ಆದರೆ ಪರೀಕ್ಷೆಯ ಪ್ರಶ್ನೆಪತ್ರಿಕೆ, ಕಾನೂನಿನ ಕಾಗದ, ವೈದ್ಯರ ಚೀಟಿ ಓದುವಾಗ ಅದೂ ಸಲ್ಲದು. ಅಲ್ಲಿ ಇದ್ದ ಪದಗಳನ್ನೇ ಓದಬೇಕು. ಸಂಖ್ಯೆಗೆ "ಅನೆಯದು" ಸೇರಿಸುವುದು ಮತ್ತು ಸರಿಯಾದ ಕಡೆ ನಿಲ್ಲುವುದು, ಇಷ್ಟೇ ನಿಮ್ಮ ಕೈಯಲ್ಲಿರುವುದು.

ನಾನು ಓದುವುದಿಲ್ಲ, ಕಂಪ್ಯೂಟರಿನ ಓದುವ ದನಿಗೆ ಪಠ್ಯ ಕೊಡುತ್ತೇನೆ. ಆಗ?

ಅದಕ್ಕೆ ಅಂಕಿ ಕೊಡಬೇಡಿ. "3." ಎಂಬುದನ್ನು ಅದು ಮೂರು ಎಂದೇ ಓದುವ ಸಂಭವ ಹೆಚ್ಚು. "½" ಎಂಬ ಗುರುತನ್ನು ಕೆಲವು ದನಿಗಳು ಓದದೆ ಹಾರಿಸಿಬಿಡುತ್ತವೆ, ಆಗ ಉಳಿಯುವುದು "ಚಮಚ ಉಪ್ಪು". ಎಲ್ಲವನ್ನೂ ಅಕ್ಷರದಲ್ಲಿ ಬರೆದು, ನಿಲುಗಡೆಯನ್ನು ಗುರುತಿಸಿ ಕೊಡಿ. ಓದುವ ದನಿಗೆ ಎಲ್ಲಿ, ಎಷ್ಟು ಹೊತ್ತು ನಿಲ್ಲಬೇಕು ಮುಂತಾದದ್ದನ್ನು ತಿಳಿಸುವ ಎಸ್‌ಎಸ್‌ಎಂಎಲ್ ಎಂಬ ಗುರುತುಭಾಷೆಯನ್ನು ಒಪ್ಪುವ ದನಿಯಾದರೆ ಹೀಗೆ:

```
<speak version="1.0" xmlns="http://www.w3.org/2001/10/synthesis" xml:lang="kn-IN">
ಮೂರನೆಯದು <break time="500ms"/>
ಅರ್ಧ ಚಮಚ ಉಪ್ಪು ಹಾಕಿಕೊಳ್ಳಿ.
<break time="1500ms"/>
</speak>
```

ಅಂಕಿಯನ್ನೇ ಇಟ್ಟು ಕ್ರಮಸೂಚಕವಾಗಿ ಓದು ಎಂದು ಹೇಳುವ ಗುರುತೂ ಇದೆ, ಆದರೆ ಪ್ರತಿ ದನಿಯೂ ಅದನ್ನು ಕನ್ನಡದಲ್ಲಿ ಸರಿಯಾಗಿ ಪಾಲಿಸುತ್ತದೆ ಎಂದು ನಂಬಿ ಕೂರಬೇಡಿ. ಅಕ್ಷರದಲ್ಲಿ ಬರೆದರೆ ನಂಬಬೇಕಾದ ಪ್ರಶ್ನೆಯೇ ಇಲ್ಲ.

ಸರಿಯಾಗಿ ಓದಿದೆನೋ ಇಲ್ಲವೋ ಎಂದು ತಿಳಿಯುವುದು ಹೇಗೆ?

"ಅರ್ಥವಾಯಿತೇ?" ಎಂದು ಕೇಳಬೇಡಿ. ಎಲ್ಲರೂ ಹೌದು ಎನ್ನುತ್ತಾರೆ. ಚೀಟಿಯನ್ನು ನೋಡಿರದ ಒಬ್ಬರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಒಂದೇ ಸಲ ಕೇಳಿಸಿ, ಎರಡೇ ಪ್ರಶ್ನೆ ಕೇಳಿ: ಉಪ್ಪು ಎಷ್ಟು? ಕಲಕುವುದು ಯಾವಾಗ? ಮೊದಲನೆಯದು ತಪ್ಪಿದರೆ ಅಳತೆಯ ಹತ್ತಿರ ಎಲ್ಲೋ ತಪ್ಪಾಗಿ ನಿಂತಿದ್ದೀರಿ. ಎರಡನೆಯದು ತಪ್ಪಿದರೆ ದನಿ ಇಳಿದಿಲ್ಲ.

ಅಮ್ಮನಿಗೆ ಫೋನಿನಲ್ಲಿ ಓದಿ ಹೇಳುವಾಗ ನಡುನಡುವೆ "ಎಷ್ಟು ಅಂದೆ?" ಎಂದು ಕೇಳುತ್ತಾರೆ. ಮತ್ತೆ ಮೊದಲಿನಿಂದ ಓದಬೇಕೇ?

ಮೊದಲಿನಿಂದ ಓದಿದರೆ ಅವರು ಮತ್ತೆ ಮೊದಲಿನಿಂದ ಹಾಕಲೂಬಹುದು! ಹಂತದ ಸಂಖ್ಯೆ ಹೇಳದೆ, ಪದಾರ್ಥ ಮತ್ತು ಅಳತೆ ಎರಡನ್ನೇ ಹೇಳಿ: "ಉಪ್ಪು, ಅರ್ಧ ಚಮಚ ಅಮ್ಮ." ಬರಿಯ "ಅರ್ಧ" ಎಂದರೆ ಯಾವುದರ ಅರ್ಧ ಎಂಬ ಇನ್ನೊಂದು ಪ್ರಶ್ನೆ ಬರುತ್ತದೆ. ಆಮೇಲೆ ಅವರ ಬಾಯಿಂದಲೇ ಒಮ್ಮೆ ಹೇಳಿಸಿ. "ಹಾಕಿ ಆಯಿತಾ ಅಮ್ಮ?" ಎಂದು ಕೇಳಿ, ಆಯಿತು ಎಂದ ಮೇಲೆ ಮುಂದಿನದನ್ನು ತೆಗೆಯಿರಿ. ಎದುರಿಗೆ ಕೇಳುವವರು ಇರುವಾಗ ನಿಲುಗಡೆಯ ಲೆಕ್ಕ ನಿಮ್ಮದಲ್ಲ. ಅತ್ತ ಕಡೆ ಚಮಚ ಪಾತ್ರೆಗೆ ತಗಲುವ ಸದ್ದು ನಿಂತಾಗ ಮುಂದಿನ ಹಂತ ಹೇಳಿದರಾಯಿತು.